ಫೈಬ್ರಾಯ್ಡ್ ಎಂದಿದೆ ರಿಪೋರ್ಟ್, ಅಡಿನೋಮಯೋಸಿಸ್ ಇರಬಹುದು ಅಂತಾರೆ ಡಾಕ್ಟರ್: ಮಗು ಬೇಕಾದವರು ಮೊದಲು ಏನು ಮಾಡಿಸಬೇಕು?

ಪ್ರಶ್ನೆ: ಮೇಡಂ, ನನಗೆ 33 ವರ್ಷ, ಅರಕಲಗೂಡು ಕಡೆಯವಳು. ಮದುವೆಯಾಗಿ ಐದು ವರ್ಷ, ಒಂದು ಸಲ ಎರಡೂವರೆ ತಿಂಗಳಿಗೆ ಅಬಾರ್ಷನ್ ಆಯಿತು. ಎರಡು ವರ್ಷದಿಂದ ಮುಟ್ಟಿನಲ್ಲಿ ತಡೆಯಲಾರದ ನೋವು, ರಕ್ತ ಗಡ್ಡೆಗಡ್ಡೆಯಾಗಿ ಹೋಗುತ್ತೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಹಿಂಭಾಗದಲ್ಲಿ 4.6 ಸೆಂ.ಮೀ. ಫೈಬ್ರಾಯ್ಡ್ ಅಂತ ಬಂದಿದೆ. ಹಾಸನದಲ್ಲಿ ಒಬ್ಬ ಡಾಕ್ಟರ್ ಗಡ್ಡೆ ತೆಗೆಯೋಣ ಅಂದರು, ಇನ್ನೊಬ್ಬರು ಇದು ಅಡಿನೋಮಯೋಸಿಸ್ ಇರಬಹುದು, ಎಂಆರ್‌ಐ ಮಾಡಿಸಿ ಅಂದರು. ನಮ್ಮತ್ತೆ ಗರ್ಭಕೋಶವನ್ನೇ ತೆಗೆಸಿಬಿಡು ಅಂತಾರೆ. ನನಗೆ ಮಗು ಬೇಕು. ಈ ಎರಡಕ್ಕೂ ಏನು ವ್ಯತ್ಯಾಸ? ಯಾರ ಮಾತು ಕೇಳಲಿ?

ಉತ್ತರ: ಆಪರೇಷನ್‌ಗೆ ದಿನ ಗೊತ್ತು ಮಾಡುವುದನ್ನು ಸದ್ಯಕ್ಕೆ ನಿಲ್ಲಿಸಿ. ಗರ್ಭಕೋಶ ತೆಗೆಸುವ ಮಾತನ್ನಂತೂ ಮನೆಯಲ್ಲಿ ಇವತ್ತೇ ಮುಗಿಸಿಬಿಡಿ. ಮಕ್ಕಳು ಮರಿ ಎಲ್ಲಾ ಆಗಿ, ಔಷಧಿಗಳಿಂದಲೂ ಗುಣ ಕಾಣದವರಿಗೆ ಅದು ಪರಿಹಾರ, ನಿಮಗಲ್ಲ. ಎಂಆರ್‌ಐ ಮಾಡಿಸಿ ಎಂದ ಡಾಕ್ಟರ್ ಹೇಳಿದ್ದು ಸರಿಯಾಗಿದೆ. ಮೊದಲನೆಯವರು ತಪ್ಪು ಹೇಳಿದರು ಎಂದೂ ಅಲ್ಲ. ರಿಪೋರ್ಟ್‌ನಲ್ಲಿರುವುದು ನಿಜಕ್ಕೂ ಫೈಬ್ರಾಯ್ಡ್ ಆಗಿದ್ದರೆ ಅವರ ಸಲಹೆಗೂ ಅರ್ಥವಿದೆ. ಅದು ಫೈಬ್ರಾಯ್ಡೇ ಹೌದೋ ಅಲ್ಲವೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ, ನಿಮ್ಮ ಮುಂದಿನ ದಾರಿಯೆಲ್ಲಾ ಅದರ ಮೇಲೆ ನಿಂತಿದೆ.

ಫೈಬ್ರಾಯ್ಡ್ ಎಂದರೆ ಗರ್ಭಕೋಶದ ಗೋಡೆಯ ಸ್ನಾಯುವಿನಲ್ಲೇ ಹುಟ್ಟಿ ಬೆಳೆಯುವ ಗಡ್ಡೆ. ಕ್ಯಾನ್ಸರ್ ಅಲ್ಲ. ಅದು ಬೆಳೆಯುತ್ತಾ ಸುತ್ತಲಿನ ಸ್ನಾಯುವನ್ನು ಪಕ್ಕಕ್ಕೆ ತಳ್ಳುತ್ತದೆ, ಹಾಗೆ ಒತ್ತಿ ಹೋದ ಸ್ನಾಯು ಗಡ್ಡೆಯ ಸುತ್ತ ಒಂದು ಪೊರೆಯಂತೆ ನಿಲ್ಲುತ್ತದೆ. ಅಡಿನೋಮಯೋಸಿಸ್‌ನಲ್ಲಿ ಆಗುವುದೇ ಬೇರೆ. ಗರ್ಭಕೋಶದ ಒಳಪದರ, ಅಂದರೆ ತಿಂಗಳು ತಿಂಗಳು ಬೆಳೆದು ಮುಟ್ಟಿನಲ್ಲಿ ಕಳಚಿ ಬೀಳುವ ಪದರ, ತನ್ನ ಗಡಿ ದಾಟಿ ಸ್ನಾಯುವಿನೊಳಕ್ಕೆ ಇಳಿದಿರುತ್ತದೆ. ಅಲ್ಲಿ ಸೇರಿಕೊಂಡ ಆ ಅಂಗಾಂಶವೂ ಹಾರ್ಮೋನಿಗೆ ಸ್ಪಂದಿಸುತ್ತದೆ, ಮುಟ್ಟಿನ ಹೊತ್ತಿಗೆ ಅಲ್ಲೇ ಒಸರುತ್ತದೆ, ಅದಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಸುತ್ತಲ ಸ್ನಾಯು ಉರಿಯೂತದಿಂದ ದಪ್ಪವಾಗುತ್ತಾ ಹೋಗುತ್ತದೆ. ಕೆಲವರಲ್ಲಿ ಇಡೀ ಗೋಡೆಗೆ ಹರಡಿರುತ್ತದೆ. ಕೆಲವರಲ್ಲಿ ಒಂದೇ ಕಡೆ ಗುಂಪಾಗಿ ಗಡ್ಡೆಯಂತೆ ಕಾಣುತ್ತದೆ. ಇದಕ್ಕೆ ಅಡಿನೋಮಯೋಮಾ ಎನ್ನುತ್ತಾರೆ. ಹಿಂಭಾಗದ ಗೋಡೆ ಇದಕ್ಕೆ ಹೆಚ್ಚು ಒಲಿದ ಜಾಗ. ಅವಸರದ ಸ್ಕ್ಯಾನ್‌ನಲ್ಲಿ ಫೈಬ್ರಾಯ್ಡ್ ಎಂಬ ಹೆಸರು ಸಿಗುವುದು ಮುಖ್ಯವಾಗಿ ಇದಕ್ಕೇ.

ಹೆಸರಿನ ಗೊಂದಲ ಆಪರೇಷನ್ ಟೇಬಲ್ ಮೇಲೆ ದುಬಾರಿಯಾಗುತ್ತದೆ. ಫೈಬ್ರಾಯ್ಡ್‌ನ ಮೇಲಿನ ಸ್ನಾಯುವನ್ನು ಕುಯ್ದು ಸರಿಯಾದ ಪದರಕ್ಕೆ ತಲುಪಿದರೆ, ಹಲಸಿನ ತೊಳೆಯಿಂದ ಬೀಜ ಬಿಡಿಸಿದ ಹಾಗೆ ಗಡ್ಡೆ ತನ್ನ ಪೊರೆಯಿಂದ ಇಡಿಯಾಗಿ ಬಿಟ್ಟು ಬರುತ್ತದೆ. ಬಿಳಿಯದಾಗಿ, ಗಟ್ಟಿಯಾಗಿ, ಸುರುಳಿ ಸುರುಳಿ ಎಳೆಗಳಿರುತ್ತವೆ. ಉಳಿದ ಗೋಡೆ ಆರೋಗ್ಯವಾಗಿರುವುದರಿಂದ ಹೊಲಿಗೆ ಚೆನ್ನಾಗಿ ಕೂರುತ್ತದೆ. ಅಡಿನೋಮಯೋಮಾದಲ್ಲಿ ಅಂಥ ಪದರವೇ ಸಿಗುವುದಿಲ್ಲ. ಎಲ್ಲಿ ರೋಗ ಮುಗಿಯಿತು, ಎಲ್ಲಿಂದ ಒಳ್ಳೆಯ ಸ್ನಾಯು ಶುರು ಎಂದು ಕಣ್ಣಿಗೂ ಕೈಗೂ ಗೊತ್ತಾಗುವುದಿಲ್ಲ. ಕುಯ್ದಲ್ಲೆಲ್ಲಾ ರಕ್ತ ಜಿನುಗುತ್ತದೆ, ಅಲ್ಲಲ್ಲಿ ಕಂದುಬಣ್ಣದ ಹಳೆಯ ರಕ್ತದ ಹನಿಗಳು ಕಾಣುತ್ತವೆ. ಪೂರ್ತಿ ತೆಗೆಯಲು ಹೋದರೆ ಒಳ್ಳೆಯ ಗೋಡೆಯೂ ಹೋಗುತ್ತದೆ, ಮೇಲೆ ಮೇಲೆ ತೆಗೆದರೆ ರೋಗ ಉಳಿಯುತ್ತದೆ. ಆಗ ಉಳಿಯುವುದು ರೋಗ ತುಂಬಿದ ಅಂಚುಗಳನ್ನು ಎಳೆದು ಹೊಲಿದ ಗರ್ಭಕೋಶ, ಮುಂದೆ ಒಂಬತ್ತು ತಿಂಗಳ ಮಗುವನ್ನು ಅದೇ ಹೊರಬೇಕು. ಮಗು ಬೇಕಾದ ಹೆಣ್ಣುಮಗಳಿಗೆ ಚಾಕು ಹಿಡಿಯುವ ಮೊದಲೇ ಇದು ಯಾವುದು ಎಂದು ಗೊತ್ತಿರಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಲಕ್ಷಣಗಳಿಂದ ಸ್ವಲ್ಪ ಊಹಿಸಬಹುದು. ನೀವು ಬರೆದದ್ದರಲ್ಲಿ ನನ್ನ ಗಮನ ಹಿಡಿದದ್ದು ರಕ್ತಸ್ರಾವಕ್ಕಿಂತ ನೋವು. ಅಡಿನೋಮಯೋಸಿಸ್‌ನ ನೋವು ಬಹಳ ಸಲ ಮುಟ್ಟಿಗೆ ಒಂದೆರಡು ದಿನ ಮೊದಲೇ ಶುರುವಾಗುತ್ತದೆ, ಹೊಟ್ಟೆಯ ಆಳದಿಂದ ಸೊಂಟಕ್ಕೆ, ತೊಡೆಗೆ ಇಳಿಯುತ್ತದೆ. ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ, ಮೊದಲು ಒಂದು ಮಾತ್ರೆಗೆ ತಗ್ಗುತ್ತಿದ್ದದ್ದು ಆಮೇಲೆ ಮೂರಕ್ಕೂ ತಗ್ಗುವುದಿಲ್ಲ. ಗಂಡ ಹೆಂಡತಿ ಸೇರಿದಾಗ ಒಳಗೆ ಆಳದಲ್ಲಿ ನೋವಾಗುವುದೂ ಇದೆ. ಇದನ್ನು ನಮ್ಮ ಕಡೆ ಹೆಂಗಸರು ತಾವಾಗಿ ಹೇಳುವುದು ಕಡಿಮೆ. ನಿಮಗೆ ಹಾಗಿದ್ದರೆ ಡಾಕ್ಟರ್ ಕೇಳದಿದ್ದರೂ ಹೇಳಿ. ಫೈಬ್ರಾಯ್ಡ್‌ಗೆ ನೋವಿಗಿಂತ ಭಾರ, ಒತ್ತಡ ಹೆಚ್ಚು. ಮೂತ್ರಕೋಶದ ಮೇಲೆ ಕೂತಿದ್ದರೆ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುತ್ತದೆ, ಹಿಂದಕ್ಕೆ ಒತ್ತಿದರೆ ಮಲಬದ್ಧತೆ.

ರಕ್ತ ಹೆಚ್ಚು ಹೋಗುವುದು ಎರಡರಲ್ಲೂ ಉಂಟು. ಫೈಬ್ರಾಯ್ಡ್‌ನಲ್ಲಿ ಗಾತ್ರಕ್ಕಿಂತ ಜಾಗ ಮುಖ್ಯ. ಒಳಕುಹರದೊಳಕ್ಕೆ ಚಾಚಿಕೊಂಡ ಒಂದೂವರೆ ಸೆಂಟಿಮೀಟರ್ ಗಡ್ಡೆ ಮೈಯ ರಕ್ತವನ್ನೆಲ್ಲಾ ಹರಿಸಬಲ್ಲದು, ಹೊರಮೈಯಲ್ಲಿ ಬೆಳೆದ ಏಳು ಸೆಂಟಿಮೀಟರ್‌ನದು ಮುಟ್ಟಿಗೆ ಏನೂ ಮಾಡದೆ ಇರಬಲ್ಲದು. ಇನ್ನೊಂದು ಮಾತು: ಅಡಿನೋಮಯೋಸಿಸ್ ಇದ್ದೂ ಯಾವ ತೊಂದರೆಯೂ ಇಲ್ಲದವರು ಸುಮಾರು ಮೂರರಲ್ಲಿ ಒಬ್ಬರು. ಎರಡು ಕಾಯಿಲೆಗಳೂ ಒಂದೇ ಗರ್ಭಕೋಶದಲ್ಲಿರುವುದು ಅಪರೂಪವಲ್ಲ. ಹಾಗಾಗಿ ಲಕ್ಷಣ ಕೇಳಿ ಅನುಮಾನ ಪಡಬಹುದೇ ಹೊರತು ತೀರ್ಪು ಕೊಡಲಾಗುವುದಿಲ್ಲ.

ಎಂಆರ್‌ಐಗೆ ಓಡುವ ಮೊದಲು ಇನ್ನೊಂದು ಸಲ ಸ್ಕ್ಯಾನ್ ಮಾಡಿಸಿ. ಮೂತ್ರ ತುಂಬಿಕೊಂಡು ಹೊಟ್ಟೆಯ ಮೇಲಿಂದ ಮಾಡುವುದಲ್ಲ, ಯೋನಿಯ ಮೂಲಕ ಮಾಡುವ ಸ್ಕ್ಯಾನ್. ಚೀಟಿಯಲ್ಲಿ ಟಿವಿಎಸ್ ಎಂದು ಬರೆದಿರುತ್ತದೆ. ಪ್ರೋಬ್ ಗರ್ಭಕೋಶದ ಹತ್ತಿರವೇ ಇರುವುದರಿಂದ ಗೋಡೆಯ ಒಳವಿವರ ಕಾಣುವುದು ಇದರಲ್ಲೇ. ನೋವಾಗುವುದಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಅಡಿನೋಮಯೋಸಿಸ್ ಇದ್ದವರಿಗೆ ಪ್ರೋಬ್ ಗರ್ಭಕೋಶಕ್ಕೆ ತಾಗಿದಾಗ ನಿಮಗೆ ಪರಿಚಯವಿರುವ ಅದೇ ನೋವು ಬರಬಹುದು. ಬಂದರೆ ಹೇಳಿ, ಅದೂ ಒಂದು ಸುಳಿವು.

ಪರದೆಯ ಮೇಲೆ ನಾವು ಹುಡುಕುವುದು ಮುಖ್ಯವಾಗಿ ಅಂಚನ್ನು. ಫೈಬ್ರಾಯ್ಡ್ ಆದರೆ ದುಂಡಗೆ, ಸುತ್ತಲೂ ಗೆರೆ ಎಳೆದ ಹಾಗೆ ಕಾಣುತ್ತದೆ. ಇಲ್ಲಿಂದ ಇಲ್ಲಿಯವರೆಗೆ ಎಂದು ಅಳೆಯಲು ಕಷ್ಟವಿಲ್ಲ. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಹಾಕಿದರೆ ರಕ್ತನಾಳಗಳು ಗಡ್ಡೆಯ ಸುತ್ತ ಬಳಸಿಕೊಂಡು ಹೋಗುತ್ತವೆ. ಅಡಿನೋಮಯೋಮಾ ಆದರೆ ಅಳತೆಯ ಗುರುತನ್ನು ಎಲ್ಲಿ ಇಡಬೇಕೆಂದೇ ತಿಳಿಯದು, ಅಂಚು ಸುತ್ತಲ ಸ್ನಾಯುವಿನಲ್ಲಿ ಕರಗಿ ಹೋಗಿರುತ್ತದೆ. ರಕ್ತನಾಳಗಳು ಅದರೊಳಗೇ ಹಾದು ಹೋಗುತ್ತವೆ. ಗೋಡೆಯೊಳಗೆ ಎರಡು ಮೂರು ಮಿಲಿಮೀಟರ್‌ನ ಕಪ್ಪು ಚುಕ್ಕೆಗಳು, ಅಂದರೆ ಸಣ್ಣ ನೀರುಗುಳ್ಳೆಗಳು ಕಾಣಬಹುದು. ಅವು ಒಳಪದರ ಸ್ನಾಯುವಿಗೆ ಇಳಿದಿರುವುದಕ್ಕೆ ನೇರ ಸಾಕ್ಷಿ. ಹಿಂದಿನ ಗೋಡೆ ಮುಂದಿನದಕ್ಕಿಂತ ಎದ್ದು ಕಾಣುವಷ್ಟು ದಪ್ಪವಾಗಿ, ಗರ್ಭಕೋಶ ತನ್ನ ಆಕಾರ ಬಿಟ್ಟು ಚೆಂಡಿನಂತೆ ದುಂಡಗಾಗಿರುತ್ತದೆ. ನಿಮ್ಮ ರಿಪೋರ್ಟ್‌ನಲ್ಲಿ ಬಲ್ಕಿ ಯುಟರಸ್ ಎಂಬ ಎರಡು ಪದವಿದ್ದರೆ ಅದನ್ನೇ ಕಾಯಿಲೆಯ ಹೆಸರು ಎಂದುಕೊಳ್ಳಬೇಡಿ. ಗರ್ಭಕೋಶ ದೊಡ್ಡದಾಗಿದೆ ಎಂದಷ್ಟೇ ಅದರ ಅರ್ಥ, ಯಾಕೆ ಎಂದು ಅದು ಹೇಳುವುದಿಲ್ಲ.

ಅನುಭವ ಇರುವವರ ಕೈಯಲ್ಲಿ ಈ ಸ್ಕ್ಯಾನ್ ಎಂಆರ್‌ಐಗೆ ಹೆಚ್ಚು ಹಿಂದೆ ಬೀಳುವುದಿಲ್ಲ. ಇದರಲ್ಲೇ ಸ್ಪಷ್ಟವಾಗಿ ಗೊತ್ತಾದರೆ ಎಂಆರ್‌ಐ ಖರ್ಚು ಉಳಿಯಿತು. ಗಡ್ಡೆ ಯಾವುದೆಂದು ಅನುಮಾನ ಉಳಿದಾಗ, ಎರಡೂ ಇರುವಂತೆ ಕಂಡಾಗ, ಆಪರೇಷನ್ ಯೋಚನೆ ಇದ್ದಾಗ ಎಂಆರ್‌ಐ ಬೇಕು. ನಿಮ್ಮದು ಸದ್ಯಕ್ಕೆ ಈ ಸಾಲಿನಲ್ಲಿದೆ.

ಎಂಆರ್‌ಐನಲ್ಲಿ ಗರ್ಭಕೋಶದ ಒಳಪದರ ಬೆಳ್ಳಗೂ ಅದರ ಪಕ್ಕದ ಸ್ನಾಯುವಿನ ತೆಳು ಪಟ್ಟಿ ಕಪ್ಪಾಗಿಯೂ ಕಾಣುತ್ತದೆ. ಆ ಕಪ್ಪು ಪಟ್ಟಿಯ ಹೆಸರು ಜಂಕ್ಷನಲ್ ಝೋನ್. ಅದರ ದಪ್ಪ 12 ಮಿ.ಮೀ. ಅಥವಾ ಹೆಚ್ಚಿದ್ದರೆ ಅಡಿನೋಮಯೋಸಿಸ್ ಎನ್ನಲು ಬಲವಾದ ಆಧಾರ, 8 ಮಿ.ಮೀ.ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಇಲ್ಲ ಎನ್ನುತ್ತೇವೆ. ನಡುವೆ ಇದ್ದರೆ ಬೇರೆ ಗುರುತುಗಳನ್ನು ನೋಡಬೇಕು: ಕಪ್ಪು ಪಟ್ಟಿಯೊಳಗೆ ಬಿಳಿ ಚುಕ್ಕೆಗಳಿವೆಯೇ, ಪಟ್ಟಿ ಗೋಡೆಯ ಒಟ್ಟು ದಪ್ಪದ 40 ಶೇಕಡಾಕ್ಕಿಂತ ಹೆಚ್ಚಿದೆಯೇ, ಒಂದು ಕಡೆ ತೆಳು ಇನ್ನೊಂದು ಕಡೆ ದಪ್ಪ ಇದೆಯೇ. ಫೈಬ್ರಾಯ್ಡ್ ಆದರೆ ಇದಕ್ಕೆಲ್ಲಾ ಸಂಬಂಧವಿಲ್ಲದೆ ಬೇರೆಯೇ ಒಂದು ಕಪ್ಪು ಉಂಡೆ, ಚೊಕ್ಕ ಅಂಚಿನದು, ಕಾಣುತ್ತದೆ.

ಎಂಆರ್‌ಐ ಕೂಡ ದಾರಿ ತಪ್ಪಿಸುತ್ತದೆ, ಅದಕ್ಕೆ ನೀವು ಎಚ್ಚರವಹಿಸಬೇಕಾದ್ದು ಎರಡಿದೆ. ಮುಟ್ಟಿನ ದಿನಗಳಲ್ಲಿ ಮಾಡಿಸಬೇಡಿ, ಆಗ ಆ ಪಟ್ಟಿ ತಾನಾಗಿಯೇ ದಪ್ಪಗೆ ಕಾಣಬಹುದು. ನೀವು ಯಾವುದಾದರೂ ಹಾರ್ಮೋನ್ ಮಾತ್ರೆ ಅಥವಾ ಮುಟ್ಟು ನಿಲ್ಲಿಸುವ ಇಂಜೆಕ್ಷನ್ ತೆಗೆದುಕೊಂಡಿದ್ದರೆ ತಪ್ಪದೆ ಹೇಳಿ, ಅದರಿಂದ ಪಟ್ಟಿ ತೆಳುವಾಗಿ ಕಾಯಿಲೆ ಮರೆಯಾಗಬಹುದು. ಮೂರನೆಯದೊಂದಿದೆ, ಅದು ಓದುವ ರೇಡಿಯಾಲಜಿಸ್ಟ್‌ಗೆ ಸೇರಿದ್ದು. ಚಿತ್ರ ತೆಗೆಯುವ ಹೊತ್ತಿಗೆ ಗರ್ಭಕೋಶದ ಸ್ನಾಯು ಒಂದು ಕಡೆ ಹಿಡಿದುಕೊಂಡರೆ ಅದು ಗಡ್ಡೆಯಂತೆಯೇ ಕಾಣುತ್ತದೆ, ಸ್ವಲ್ಪ ಹೊತ್ತಿನ ನಂತರ ತೆಗೆದ ಚಿತ್ರದಲ್ಲಿ ಮಾಯವಾಗಿರುತ್ತದೆ. ಈ ಪ್ರಶ್ನೆಗೆ ಕಾಂಟ್ರಾಸ್ಟ್ ಇಂಜೆಕ್ಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಯೂ ಇಲ್ಲ, ಹಾಸನದಲ್ಲೇ ಆಗುತ್ತದೆ. ಚೀಟಿಯಲ್ಲಿ ಫೈಬ್ರಾಯ್ಡೋ ಅಡಿನೋಮಯೋಮಾವೋ, ರೋಗಿಗೆ ಮಗು ಬೇಕು ಎಂದು ಸ್ಪಷ್ಟವಾಗಿ ಬರೆಸಿಕೊಂಡು ಹೋಗಿ. ಏನು ಕೇಳಿದ್ದೇವೆಂದು ಓದುವವರಿಗೆ ಗೊತ್ತಿದ್ದರೆ ಅವರು ಹುಡುಕುವ ರೀತಿಯೇ ಬೇರೆ. ರಿಪೋರ್ಟ್ ಜೊತೆಗೆ ಸಿಡಿ ಅಥವಾ ಫಿಲ್ಮನ್ನೂ ಕೇಳಿ ಇಟ್ಟುಕೊಳ್ಳಿ.

ಕೆಲವರಿಗೆ ಈ ನಡುವೆ ಸಿಎ-125 ಎಂಬ ರಕ್ತಪರೀಕ್ಷೆ ಆಗಿರುತ್ತದೆ, ಅದು 35ರ ಗಡಿ ದಾಟಿರುತ್ತದೆ, ಮೊಬೈಲ್‌ನಲ್ಲಿ ಹುಡುಕಿ ಕ್ಯಾನ್ಸರ್ ಎಂದು ಓದಿ ರಾತ್ರಿಯೆಲ್ಲಾ ನಿದ್ದೆಗೆಟ್ಟಿರುತ್ತಾರೆ. ಅಡಿನೋಮಯೋಸಿಸ್‌ನಲ್ಲೂ, ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಲ್ಲೂ ಅದು ಏರುತ್ತದೆ, ಮುಟ್ಟಿನಲ್ಲಿ ತೆಗೆದರೂ ಏರುತ್ತದೆ. ಆ ಒಂದು ಅಂಕಿಯನ್ನು ಹಿಡಿದು ಏನೂ ನಿರ್ಧರಿಸಬೇಡಿ.

ನಿಮ್ಮದನ್ನೇ ಬಹಳ ಮಟ್ಟಿಗೆ ಹೋಲುವ ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುತ್ತಿದ್ದ 31 ವರ್ಷದ ಹೆಣ್ಣುಮಗಳು. ಕೊಯ್ಲು ಮುಗಿಯಲಿ ಎಂದು ನೋವನ್ನು ತಿಂಗಳುಗಟ್ಟಲೆ ಮುಂದೂಡಿದ್ದರು. ಹಿಂಭಾಗದಲ್ಲಿ 5.1 ಸೆಂ.ಮೀ. ಫೈಬ್ರಾಯ್ಡ್ ಎಂಬ ರಿಪೋರ್ಟ್, ಲ್ಯಾಪ್ರೋಸ್ಕೋಪಿಗೆ ಗೊತ್ತಾಗಿದ್ದ ದಿನಾಂಕ, ಹಿಮೋಗ್ಲೋಬಿನ್ 8.1. ಪರೀಕ್ಷಿಸಿದಾಗ ಗರ್ಭಕೋಶ ಎರಡೂವರೆ ತಿಂಗಳ ಬಸಿರಿನಷ್ಟು ದೊಡ್ಡದಿತ್ತು, ಆದರೆ ಒಂದು ಕಡೆ ಉಬ್ಬಿರಲಿಲ್ಲ, ಸಮನಾಗಿ ದುಂಡಗಿತ್ತು, ಮುಟ್ಟಿದರೆ ಅವರು ಮುಖ ಹಿಂಡುತ್ತಿದ್ದರು. ಫೈಬ್ರಾಯ್ಡ್ ಗರ್ಭಕೋಶ ಸಾಮಾನ್ಯವಾಗಿ ಗಟ್ಟಿಯಾಗಿ, ಉಬ್ಬುತಗ್ಗಾಗಿ ಸಿಗುತ್ತದೆ, ಅಷ್ಟು ನೋಯುವುದಿಲ್ಲ.

ಮತ್ತೆ ಸ್ಕ್ಯಾನ್ ಮಾಡಿದಾಗ ಆ 5.1ರ ಅಂಚನ್ನು ಹಿಡಿಯಲಾಗಲಿಲ್ಲ, ಒಳಗೆ ನಾಲ್ಕಾರು ಪುಟ್ಟ ಗುಳ್ಳೆಗಳಿದ್ದವು. ಎಂಆರ್‌ಐನಲ್ಲಿ ಹಿಂಭಾಗದ ಗೋಡೆ 31 ಮಿ.ಮೀ. ದಪ್ಪ, ಅದರಲ್ಲಿ ಕಪ್ಪು ಪಟ್ಟಿಯೇ 17 ಮಿ.ಮೀ., ಅಂದರೆ ಅರ್ಧಕ್ಕೂ ಮೀರಿ. ಜೊತೆಗೆ ಮುಂಭಾಗದ ಹೊರಮೈಯಲ್ಲಿ 2 ಸೆಂ.ಮೀ.ನ ಒಂದು ನಿಜವಾದ ಫೈಬ್ರಾಯ್ಡೂ ಇತ್ತು. ಅದು ಒಳಕುಹರದಿಂದ ದೂರವಿದ್ದುದರಿಂದ ಮುಟ್ಟಿಗೂ ಬಸಿರಿಗೂ ಅಡ್ಡಿಯಿರಲಿಲ್ಲ, ಮುಟ್ಟಲಿಲ್ಲ. ಆಪರೇಷನ್ ರದ್ದಾಯಿತು.

ಮೊದಲು ಮಾಡಿದ್ದು ರಕ್ತ ತುಂಬಿಸುವ ಕೆಲಸ. ಮಾತ್ರೆಯಿಂದ ಹೊಟ್ಟೆ ಕೆಡುತ್ತಿದ್ದುದರಿಂದ ಕಬ್ಬಿಣಾಂಶವನ್ನು ಡ್ರಿಪ್‌ನಲ್ಲಿ, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ 1000 ಮಿ.ಗ್ರಾಂ. ಕೊಟ್ಟೆವು, ಆರು ವಾರಕ್ಕೆ ಹಿಮೋಗ್ಲೋಬಿನ್ 11 ದಾಟಿತು. ಅದೇ ಹೊತ್ತಿನಲ್ಲಿ ಗಂಡನ ವೀರ್ಯ ಪರೀಕ್ಷೆ, ಇವರಲ್ಲಿ ಅಂಡಗಳ ಸಂಗ್ರಹ ಎಷ್ಟಿದೆ ಎಂದು ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆ, ಗರ್ಭನಳಿಕೆಗಳ ಪರೀಕ್ಷೆ ಮುಗಿಸಿದೆವು. ವೀರ್ಯ ಚೆನ್ನಾಗಿತ್ತು, ಎಎಂಎಚ್ 1.6, ಒಂದು ನಳಿಕೆ ಮುಚ್ಚಿತ್ತು. ಆರು ತಿಂಗಳು ಸಹಜವಾಗಿ ಪ್ರಯತ್ನಿಸಿ, ಆಗದಿದ್ದಾಗ ಐವಿಎಫ್‌ಗೆ ಹೋದರು. ಭ್ರೂಣಗಳನ್ನು ಮಾಡಿ ಫ್ರೀಜ್ ಮಾಡಿಟ್ಟು, ಗರ್ಭಕೋಶವನ್ನು ತಗ್ಗಿಸಲು ಲ್ಯೂಪ್ರೊಲೈಡ್ 3.75 ಮಿ.ಗ್ರಾಂ. ಇಂಜೆಕ್ಷನ್ ತಿಂಗಳಿಗೊಂದರಂತೆ ಮೂರು ಕೊಟ್ಟು, ಆಮೇಲೆ ಭ್ರೂಣ ಇಟ್ಟರು. ಮೊದಲ ಸಲ ನಿಲ್ಲಲಿಲ್ಲ, ಎರಡನೆಯದು ನಿಂತಿತು. ಬಿಪಿ ಏರಿದ್ದರಿಂದ 36ನೇ ವಾರಕ್ಕೆ ಸಿಸೇರಿಯನ್ ಆಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಎಲ್ಲರದೂ ಹೀಗೇ ಮುಗಿಯುತ್ತದೆ ಎಂದು ಹೇಳಲು ಇದನ್ನು ಬರೆದಿಲ್ಲ. ಅಡಿನೋಮಯೋಸಿಸ್ ಇದ್ದವರಲ್ಲಿ ಐವಿಎಫ್‌ನಲ್ಲೂ ಗರ್ಭ ನಿಲ್ಲುವ ಪ್ರಮಾಣ ಕಡಿಮೆ, 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಅದು 28 ಶೇಕಡಾದಷ್ಟು ಕಡಿಮೆ ಕಂಡಿತ್ತು, ಗರ್ಭಪಾತದ ಅಪಾಯ ಸುಮಾರು ಎರಡು ಪಟ್ಟು. ನಿಮ್ಮ ಹಿಂದಿನ ಗರ್ಭಪಾತಕ್ಕೆ ಇದೇ ಕಾರಣ ಎಂದು ಯಾರೂ ಹೇಳಲಾರರು. ಒಂದು ಗರ್ಭಪಾತ ಏನೂ ಕಾಯಿಲೆ ಇಲ್ಲದವರಿಗೂ ಆಗುತ್ತದೆ. ಇದಿದ್ದೂ ಯಾವ ಚಿಕಿತ್ಸೆ ಇಲ್ಲದೆ ಬಸಿರಾಗಿ ಹೆತ್ತವರೂ ಬೇಕಾದಷ್ಟು ಜನರಿದ್ದಾರೆ.

ಈಗ ನಿಮ್ಮ ಚಿಕಿತ್ಸೆ. ಎಂಆರ್‌ಐ ಅಡಿನೋಮಯೋಸಿಸ್ ಎಂದರೆ ನಾನು ಮೊದಲು ಕೇಳುವ ಪ್ರಶ್ನೆ, ಮಗು ಈಗಲೇ ಬೇಕೋ ಒಂದೆರಡು ವರ್ಷ ಬಿಟ್ಟೋ ಎಂದು. ಯಾಕೆಂದರೆ ಈ ಕಾಯಿಲೆಯನ್ನು ತಗ್ಗಿಸುವ ಒಳ್ಳೆಯ ಔಷಧಿಗಳೆಲ್ಲಾ ಹಾರ್ಮೋನಿನವು, ಅವು ನಡೆಯುತ್ತಿರುವಷ್ಟು ದಿನ ಬಸಿರು ನಿಲ್ಲುವುದಿಲ್ಲ. ಇನ್ನೂ ಕಾಯುವವರಿಗೆ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಕಾಯಿಲ್ ನೋವಿಗೂ ರಕ್ತಕ್ಕೂ ಬಹಳ ಒಳ್ಳೆಯದು, ತೆಗೆದ ಮೇಲೆ ಬಸಿರಿಗೆ ಅಡ್ಡಿಯಿಲ್ಲ. ಡೈನೋಜೆಸ್ಟ್ 2 ಮಿ.ಗ್ರಾಂ. ಮಾತ್ರೆ ನೋವನ್ನು ಚೆನ್ನಾಗಿ ತಗ್ಗಿಸುತ್ತದೆ, ಆದರೆ ಶುರುವಿನ ತಿಂಗಳುಗಳಲ್ಲಿ ಹೊತ್ತು ಗೊತ್ತಿಲ್ಲದೆ ರಕ್ತ ಕಾಣಿಸುತ್ತದೆ. ರಕ್ತಹೀನತೆ ಇರುವವರಿಗೆ, ಗರ್ಭಕೋಶ ತುಂಬಾ ದೊಡ್ಡದಿರುವವರಿಗೆ ಇದನ್ನು ಎಚ್ಚರದಿಂದ ಕೊಡಬೇಕು. ಒಂದು ಕಡೆ ಈ ಮಾತ್ರೆ ತಿನ್ನುತ್ತಾ ಇನ್ನೊಂದು ಕಡೆ ಈ ತಿಂಗಳು ನಿಂತಿತೇ ಎಂದು ಕಾಯುವ ದಂಪತಿಗಳನ್ನು ಕಂಡಿದ್ದೇನೆ. ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಅದು ಬರೀ ಕಾಲಹರಣ.

ಈಗಲೇ ಮಗು ಬೇಕೆಂದರೆ, 33ರ ವಯಸ್ಸಿನಲ್ಲಿ ಐದು ವರ್ಷ ಕಾದಿರುವ ನಿಮಗೆ ನಾನು ಅದನ್ನೇ ಹೇಳುತ್ತೇನೆ, ಹಾರ್ಮೋನ್ ಬೇಡ. ನೋವಿಗೆ ಮೆಫೆನಮಿಕ್ ಆಸಿಡ್ 500 ಮಿ.ಗ್ರಾಂ. ದಿನಕ್ಕೆ ಮೂರು ಸಲ, ಊಟವಾದ ಮೇಲೆ, ಮುಟ್ಟಿನ ದಿನಗಳಲ್ಲಿ ಮಾತ್ರ. ಅಂಡ ಬಿಡುಗಡೆಯಾಗುವ ತಿಂಗಳ ನಡುವಿನ ದಿನಗಳಲ್ಲಿ ಈ ಬಗೆಯ ಮಾತ್ರೆ ಬೇಡ. ಹೊಟ್ಟೆಹುಣ್ಣು, ಆಸ್ತಮಾ, ಕಿಡ್ನಿ ತೊಂದರೆ ಇದ್ದರೆ ಡಾಕ್ಟರ್‌ಗೆ ಮೊದಲೇ ಹೇಳಿ. ರಕ್ತಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ಒಂದು ಗ್ರಾಂ, ಅಂದರೆ 500ರ ಎರಡು ಮಾತ್ರೆ, ದಿನಕ್ಕೆ ಮೂರು ಸಲ, ಹೆಚ್ಚು ಹೋಗುವ ನಾಲ್ಕು ದಿನ. ಇದು ಹಾರ್ಮೋನ್ ಅಲ್ಲ, ಮುಂದಿನ ಅಂಡಕ್ಕೆ ಅಡ್ಡಿ ಮಾಡುವುದಿಲ್ಲ. ಆದರೆ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಎಂದಾದರೂ ರಕ್ತ ಹೆಪ್ಪುಗಟ್ಟಿದ್ದವರಿಗೆ ಇದು ಕೂಡದು. ಈ ಎರಡನ್ನೂ ನಿಮ್ಮ ಡಾಕ್ಟರ್ ಬರೆದುಕೊಟ್ಟ ಮೇಲೆಯೇ ಶುರು ಮಾಡಿ.

ಇದರ ಜೊತೆಗೇ ಇಬ್ಬರ ಪರೀಕ್ಷೆಗಳೂ ಆಗಬೇಕು. ಹೆಂಡತಿಯ ರಿಪೋರ್ಟ್‌ನಲ್ಲಿ ಒಂದು ಕಾಯಿಲೆ ಸಿಕ್ಕಿತೆಂದರೆ ಗಂಡನ ಪರೀಕ್ಷೆಯನ್ನು ಎಲ್ಲರೂ ಮರೆತುಬಿಡುತ್ತಾರೆ. ಅತಿ ಕಡಿಮೆ ಖರ್ಚಿನ, ನೋವಿಲ್ಲದ ಪರೀಕ್ಷೆ ಅದು, ಮೊದಲು ಆಗಬೇಕಾದ್ದೂ ಅದೇ. ಎಲ್ಲಾ ಸರಿಯಿದ್ದರೆ ಸುಮಾರು ಆರು ತಿಂಗಳು ಸಹಜ ಪ್ರಯತ್ನಕ್ಕೆ ಬಿಡಬಹುದು. ಎಎಂಎಚ್ ತೀರಾ ಕಡಿಮೆ, ನಳಿಕೆ ಎರಡೂ ಮುಚ್ಚಿದೆ ಎಂದಾದರೆ ಅಷ್ಟು ಕಾಯುವುದು ಬೇಡ. ಐವಿಎಫ್‌ಗೆ ಹೋದರೆ ನಾನು ಮೇಲೆ ಹೇಳಿದ ಕ್ರಮ, ಮೊದಲು ಭ್ರೂಣ ಫ್ರೀಜ್ ಮಾಡಿ, ಎರಡು ಮೂರು ತಿಂಗಳ ಇಂಜೆಕ್ಷನ್‌ನಿಂದ ಗರ್ಭಕೋಶ ತಗ್ಗಿಸಿ, ಆಮೇಲೆ ಇಡುವುದು, ಬಹಳ ಕಡೆ ರೂಢಿಯಲ್ಲಿದೆ. ಎಲ್ಲಾ ಅಧ್ಯಯನಗಳೂ ಇದರ ಲಾಭವನ್ನು ಒಂದೇ ಸಮನೆ ತೋರಿಸಿಲ್ಲ. ಗರ್ಭಕೋಶ ದೊಡ್ಡದಿದ್ದವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಮೊದಲ ಇಂಜೆಕ್ಷನ್ ಆದ ಒಂದೆರಡು ವಾರದಲ್ಲಿ ರಕ್ತ ಕಾಣಿಸಿಕೊಂಡರೆ ಗಾಬರಿ ಬೇಡ. ಮೈ ಬಿಸಿಯೇರುವುದು, ಬೆವರು, ನಿದ್ದೆ ಕೆಡುವುದು ಆಗುತ್ತದೆ. ಮೂಳೆ ಸವೆಯುವುದರಿಂದ ಬೇರೆ ಔಷಧಿಯ ಜೊತೆಯಿಲ್ಲದೆ ಇದೊಂದನ್ನೇ ಆರು ತಿಂಗಳಿಗಿಂತ ಹೆಚ್ಚು ಕೊಡುವುದಿಲ್ಲ. ನಿಲ್ಲಿಸಿದ ಮೇಲೆ ಗರ್ಭಕೋಶ ಮತ್ತೆ ಹಿಗ್ಗುತ್ತದೆ, ಆದ್ದರಿಂದ ಭ್ರೂಣ ಇಡುವ ಯೋಜನೆ ಇಲ್ಲದೆ ಸುಮ್ಮನೆ ಈ ಇಂಜೆಕ್ಷನ್ ಹಾಕಿಸಿಕೊಂಡರೆ ದುಡ್ಡೂ ಹೋಯಿತು, ಆ ತಿಂಗಳುಗಳೂ ಹೋದವು.

ಅಡಿನೋಮಯೋಮಾಗೆ ಆಪರೇಷನ್ ಎಂದಿಗೂ ಇಲ್ಲವೇ ಎಂದರೆ, ಇದೆ. ರೋಗ ಒಂದೇ ಕಡೆ ಗುಂಪಾಗಿದ್ದು, ಔಷಧಿಗೆ ನೋವು ಬಗ್ಗದೆ, ಐವಿಎಫ್ ಮತ್ತೆ ಮತ್ತೆ ಸೋತವರಿಗೆ ಅದನ್ನು ಯೋಚಿಸಬಹುದು, ಇದೇ ಆಪರೇಷನ್‌ನಲ್ಲಿ ಕೈ ಪಳಗಿದವರಿಂದ ಮಾತ್ರ. ಆಮೇಲೆ ಆರು ತಿಂಗಳಿಂದ ಒಂದು ವರ್ಷ ಬಸಿರು ಬೇಡ. ಬಸಿರಾದ ಮೇಲೆ ಹೊಲಿಗೆಯ ಜಾಗ ಬಿರಿಯುವ ಅಪಾಯ ಫೈಬ್ರಾಯ್ಡ್ ತೆಗೆಸಿದವರಿಗಿಂತ ಹೆಚ್ಚು, ಅದೂ ಹೆರಿಗೆ ನೋವು ಶುರುವಾಗುವ ಮೊದಲೇ ಆಗಬಹುದು. ಅಂಥವರಿಗೆ ನೋವು ಬರುವವರೆಗೆ ಕಾಯದೆ ಸಿಸೇರಿಯನ್ ಮಾಡುತ್ತೇವೆ. ಇನ್ನು ಗರ್ಭಕೋಶದ ರಕ್ತನಾಳ ಮುಚ್ಚುವ ಚಿಕಿತ್ಸೆಯನ್ನು ಮುಂದೆ ಮಗು ಬೇಕೆನ್ನುವವರಿಗೆ ನಾನು ಸೂಚಿಸುವುದಿಲ್ಲ. ಒಳಪದರ ಸುಡುವ ಚಿಕಿತ್ಸೆಯಂತೂ ಅವರಿಗೆ ಕೂಡದೇ ಕೂಡದು.

ಎಂಆರ್‌ಐ ಇದು ಫೈಬ್ರಾಯ್ಡೇ ಎಂದರೆ ಲೆಕ್ಕ ಸರಳವಾಗುತ್ತದೆ. ರಿಪೋರ್ಟ್‌ನಲ್ಲಿ ಫಿಗೋ ಟೈಪ್ ಎಂದು 0ರಿಂದ 8ರವರೆಗಿನ ಒಂದು ಸಂಖ್ಯೆ ಇರುತ್ತದೆ, ಇಲ್ಲದಿದ್ದರೆ ಕೇಳಿ ಬರೆಸಿ. 0, 1, 2 ಎಂದರೆ ಗಡ್ಡೆ ಒಳಕುಹರಕ್ಕೆ ಚಾಚಿದೆ ಎಂದು. ಇವು ಗರ್ಭ ನಿಲ್ಲಲು ಅಡ್ಡಿ. ಹೊಟ್ಟೆ ಕುಯ್ಯದೆ ಯೋನಿಯ ದಾರಿಯಿಂದಲೇ ಹಿಸ್ಟರೋಸ್ಕೋಪಿಯಲ್ಲಿ ತೆಗೆಯುವುದು ಲಾಭದ ಕೆಲಸ. 3, 4 ಗೋಡೆಯೊಳಗಿನವು. ನಿಮ್ಮ 4.6 ಸೆಂ.ಮೀ.ನದು ಬಹುಶಃ ಇಲ್ಲಿ ಬೀಳುತ್ತದೆ. ಒಳಕುಹರವನ್ನು ಒತ್ತಿ ಅದರ ಆಕಾರ ಕೆಡಿಸಿದ್ದರೆ, ಅಥವಾ ತೊಂದರೆ ಹೆಚ್ಚಿದ್ದರೆ ತೆಗೆಸಬಹುದು. ಕುಹರ ನೇರವಾಗಿದ್ದರೆ ತೆಗೆಸಿದರೆ ಬಸಿರಿಗೆ ಅನುಕೂಲವಾಗುತ್ತದೆ ಎನ್ನುವುದು ಅಷ್ಟು ಖಚಿತವಲ್ಲ, ಮೊದಲ ಡಾಕ್ಟರ್ ಬಳಿ ಈ ಒಂದು ಅಂಶವನ್ನು ಕೂತು ಮಾತಾಡಿ. ತೆಗೆಸಿದರೆ ಮೂರರಿಂದ ಆರು ತಿಂಗಳು ಬಿಟ್ಟು ಪ್ರಯತ್ನ. 5ರಿಂದ ಮೇಲೆ ಹೊರಮೈಯವು, ಅವುಗಳಲ್ಲಿ 8 ಗರ್ಭಕೋಶದ ಕೊರಳು ಮುಂತಾದ ಬೇರೆ ಜಾಗದ್ದು. ತೀರಾ ದೊಡ್ಡದಲ್ಲದಿದ್ದರೆ ಬಸಿರಿಗಾಗಿ ಇವನ್ನು ಮುಟ್ಟುವ ಅಗತ್ಯ ಬೀಳುವುದು ಕಡಿಮೆ.

ಎರಡೂ ಇದ್ದರೆ? ಕುಹರಕ್ಕೆ ಚಾಚಿದ ಫೈಬ್ರಾಯ್ಡ್ ಇದ್ದರೆ ಅದನ್ನು ತೆಗೆಸಿ, ಅಡಿನೋಮಯೋಸಿಸ್‌ಗೆ ಕೈ ಹಾಕದೆ ಮುಂದುವರಿಯುವುದು ನನ್ನ ಆಯ್ಕೆ.

ಬಸಿರು ನಿಂತ ಮೇಲೆ ಮೊದಲ ಭೇಟಿಯಲ್ಲೇ ಎಂಆರ್‌ಐ ರಿಪೋರ್ಟ್ ತೋರಿಸಿ. ದಿನ ತುಂಬುವ ಮೊದಲೇ ಹೆರಿಗೆ, ಬಿಪಿ ಏರುವುದು, ಮಗು ಸಣ್ಣದಾಗುವುದು ಅಡಿನೋಮಯೋಸಿಸ್ ಇದ್ದವರಲ್ಲಿ ಸ್ವಲ್ಪ ಹೆಚ್ಚು. ಹಾಗಾಗಿ ಊರಲ್ಲೇ ತಪಾಸಣೆ ಮಾಡಿಸಿಕೊಂಡರೂ ಹೆರಿಗೆಯನ್ನು ಎಳೆಮಕ್ಕಳ ಐಸಿಯು ಇರುವ ಕಡೆ ಗೊತ್ತು ಮಾಡಿಕೊಳ್ಳಿ.

ಈ ವಾರ ಮಾಡಬೇಕಾದ್ದು ಹಿಮೋಗ್ಲೋಬಿನ್ ಮತ್ತು ಮೈಯಲ್ಲಿನ ಕಬ್ಬಿಣಾಂಶದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆ, ಜೊತೆಗೆ ಥೈರಾಯ್ಡ್. ನೀವು ಹಿಮೋಗ್ಲೋಬಿನ್ ಎಷ್ಟೆಂದು ಬರೆದಿಲ್ಲ, ನನಗೆ ಹೆಚ್ಚು ಚಿಂತೆ ಅದೇ. ಗಂಟೆಗೊಂದು ಪ್ಯಾಡ್ ತೋಯುವುದು ಎರಡು ಮೂರು ಗಂಟೆ ಮುಂದುವರಿದರೆ, ಎದ್ದರೆ ತಲೆ ಸುತ್ತಿ ಕಣ್ಣು ಕತ್ತಲಿಟ್ಟರೆ, ಮೆಟ್ಟಿಲು ಹತ್ತುವಾಗ ಎದೆ ಡವಗುಟ್ಟಿ ಉಸಿರು ಸಿಕ್ಕದಿದ್ದರೆ, ಎಂಆರ್‌ಐ ದಿನಕ್ಕೆ ಕಾಯದೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ. ಮುಟ್ಟು ತಡವಾಗಿ ಬಂದು ಹೀಗಾದರೆ ಮೊದಲು ಪ್ರೆಗ್ನೆನ್ಸಿ ಪರೀಕ್ಷೆ ಮಾಡಿಸಿ, ಅದಾಗುವವರೆಗೆ ಮೇಲಿನ ಯಾವ ಮಾತ್ರೆಯನ್ನೂ ತೆಗೆದುಕೊಳ್ಳಬೇಡಿ.